ಸಸ್ಪೆನ್ಸ್ ಖಾತೆಯ 1,87,430: ಎಲ್ಲಿಂದ ಬಂತು, ಹೇಗೆ ತೀರಿತು

ಇವರಿಗೆ: ಹಣಕಾಸು ಮುಖ್ಯಸ್ಥರು
ಇವರಿಂದ: ಲೆಕ್ಕಪತ್ರ ವಿಭಾಗ, ಮಾಸಾಂತ್ಯದ ತಂಡ
ವಿಷಯ: ಸಸ್ಪೆನ್ಸ್ ಖಾತೆಯ ಬಾಕಿಯ ಮೂಲ ಪತ್ತೆ ಮತ್ತು ಇತ್ಯರ್ಥ

ಮಾನ್ಯರೇ,

ಹಣಕಾಸು ವರ್ಷದ ಏಳನೇ ತಿಂಗಳ ಕೊನೆಗೆ ಸಸ್ಪೆನ್ಸ್ ಖಾತೆಯಲ್ಲಿ 1,87,430 ಡೆಬಿಟ್ ಬಾಕಿ ಇತ್ತು. ತಿಂಗಳ ಲೆಕ್ಕ ಮುಚ್ಚುವ ಮೊದಲೇ ತಿದ್ದುಪಡಿ ಜರ್ನಲ್‌ಗಳನ್ನು ಹಾಕಿದ್ದೇವೆ, ಬಾಕಿ ಈಗ ಸೊನ್ನೆ. ಆದರೆ ಈ ತಿದ್ದುಪಡಿಗಳಿಂದ ವರ್ಷದ ಈವರೆಗಿನ ಲಾಭ 1,87,430ರಷ್ಟಲ್ಲ, 3,84,930ರಷ್ಟು ಇಳಿಯುತ್ತದೆ. ಖಾತೆಯಲ್ಲಿ ಕಂಡ ಬಾಕಿಯ ಎರಡು ಪಟ್ಟಿಗಿಂತಲೂ ಹೆಚ್ಚು. ಬಾಕಿ ಇಷ್ಟೇ ಇದ್ದಾಗ ಲಾಭಕ್ಕೆ ಇಷ್ಟು ಪೆಟ್ಟು ಹೇಗೆ ಎಂದು ತಾವು ಕೇಳುವುದು ಖಂಡಿತ. ಈ ಟಿಪ್ಪಣಿಯ ಬಹುಪಾಲು ಅದಕ್ಕೆ ಉತ್ತರ.

ಬಾಕಿಯನ್ನಲ್ಲ, ಸಾಲುಗಳನ್ನು ಹುಡುಕಬೇಕು

ಸಸ್ಪೆನ್ಸ್ ಖಾತೆಯ ಬಾಕಿ ಕೊನೆಗೂ ಒಂದು ವ್ಯತ್ಯಾಸ ಮಾತ್ರ. ಏಳು ತಿಂಗಳಲ್ಲಿ ಆ ಖಾತೆಗೆ ಬಿದ್ದದ್ದು 412 ಸಾಲು: ಡೆಬಿಟ್ ಒಟ್ಟು 61,42,380, ಕ್ರೆಡಿಟ್ ಒಟ್ಟು 59,54,950. ಇವೆರಡರ ನಡುವೆ ಉಳಿದದ್ದೇ 1,87,430. ಆ ಮೊತ್ತದ ವೋಚರ್ ಎಲ್ಲೂ ಇಲ್ಲ, ಇರಬೇಕಾಗಿಯೂ ಇಲ್ಲ.

ತಾಳೆಪಟ್ಟಿ ಹೊಂದದಿದ್ದಾಗ ಮಾಡುವ ಹಳೆಯ ಪರೀಕ್ಷೆಗಳು ಎರಡಿವೆ. ವ್ಯತ್ಯಾಸ 9ರಿಂದ ನಿಶ್ಶೇಷವಾಗಿ ಭಾಗವಾದರೆ ಅಕ್ಕಪಕ್ಕದ ಅಂಕಿಗಳು ಅದಲುಬದಲಾಗಿರಬಹುದು. ವ್ಯತ್ಯಾಸದ ಅರ್ಧದಷ್ಟು ಮೊತ್ತ ಪುಸ್ತಕದಲ್ಲಿ ಎಲ್ಲಾದರೂ ಸಿಕ್ಕರೆ ಅದು ತಪ್ಪು ಬದಿಗೆ ಬಿದ್ದಿರಬಹುದು. 1,87,430 ಒಂಬತ್ತರಿಂದ ಭಾಗವಾಗುವುದಿಲ್ಲ. ಅದರ ಅರ್ಧ 93,715 ಯಾವ ಖಾತೆಯಲ್ಲೂ ಇಲ್ಲ. ಹಾಗಂತ ಅಂಕಿ ಅದಲುಬದಲಾಗಿಲ್ಲ, ಬದಿ ತಪ್ಪಿಲ್ಲ ಎಂದು ಹೇಳುವಂತಿಲ್ಲ. ಎರಡೂ ಆಗಿದ್ದವು, ಮುಂದೆ ವಿವರಿಸಿದ್ದೇನೆ. ತಪ್ಪು ಒಂದೇ ಇದ್ದಾಗ ಈ ಪರೀಕ್ಷೆಗಳು ಒಟ್ಟು ಬಾಕಿಯ ಮೇಲೆ ಕೆಲಸ ಮಾಡುತ್ತವೆ. ತಪ್ಪುಗಳು ಹಲವಾದಾಗ ಅವನ್ನು ಬಿಡಿ ಸಾಲುಗಳ ಮೇಲೆ ಮಾಡಬೇಕು. ಅದಕ್ಕೆ ಮೊದಲು ಪರೀಕ್ಷಿಸಬೇಕಾದ ಸಾಲುಗಳು ಯಾವುವು ಎಂದು ಗೊತ್ತಾಗಬೇಕು.

ಹಾಗಾಗಿ ಮೊದಲ ಕೆಲಸ ಖಾತೆಯೊಳಗೇ ಹೊಂದಿಸುವುದು. ಗುರುತು ಸಿಗದ ಹಣ ಸಸ್ಪೆನ್ಸ್‌ಗೆ ಬಂದು, ಗುರುತು ಸಿಕ್ಕ ಮೇಲೆ ಸರಿಯಾದ ಖಾತೆಗೆ ಹೋಗಿರುತ್ತದೆ. ಅಂಥ ಜೋಡಿಗಳನ್ನು ಬದಿಗಿಟ್ಟರೆ ನಿಜವಾಗಿ ತೆರೆದಿರುವುದು ಕಣ್ಣಿಗೆ ಬೀಳುತ್ತದೆ. ಲೆಡ್ಜರನ್ನು ಸ್ಪ್ರೆಡ್‌ಶೀಟಿಗೆ ಇಳಿಸಿ, A ಕಾಲಂನಲ್ಲಿ ಉಲ್ಲೇಖ ಸಂಖ್ಯೆ, B ಕಾಲಂನಲ್ಲಿ ದಿನಾಂಕ, C ಕಾಲಂನಲ್ಲಿ ಮೊತ್ತ ಇಟ್ಟೆವು. ಡೆಬಿಟ್‌ಗೆ ಧನ ಚಿಹ್ನೆ, ಕ್ರೆಡಿಟ್‌ಗೆ ಋಣ ಚಿಹ್ನೆ. D ಮತ್ತು E ಕಾಲಂಗಳ ಸೂತ್ರ ಹೀಗೆ:

```
D2:  =A2&"|"&ABS(C2)&"|"&COUNTIFS(A$2:A2,A2,C$2:C2,C2)
E2:  =COUNTIFS(D:D,D2,C:C,-C2)
```

E ಕಾಲಂನಲ್ಲಿ 1 ಬಂದ ಸಾಲಿಗೆ ಎದುರು ಬದಿಯಲ್ಲಿ ಜೊತೆ ಇದೆ, 0 ಬಂದದ್ದು ಒಂಟಿ. D ಸೂತ್ರದ ಕೊನೆಯ ಎಣಿಕೆ ಅಗತ್ಯ. ಒಂದೇ ಉಲ್ಲೇಖ, ಒಂದೇ ಮೊತ್ತ ಮೂರು ಸಲ ಡೆಬಿಟ್ ಆಗಿ ಎರಡೇ ಸಲ ಕ್ರೆಡಿಟ್ ಆಗಿದ್ದರೆ, ಆ ಎಣಿಕೆ ಇಲ್ಲದಿದ್ದಾಗ ಐದೂ ಹೊಂದಿಕೊಂಡಂತೆ ತೋರುತ್ತವೆ. ಎಣಿಕೆ ಇದ್ದರೆ ಮೂರನೆಯ ಡೆಬಿಟ್ ಹೊರಗೆ ಉಳಿಯುತ್ತದೆ. ಇನ್ನೊಂದು ಎಚ್ಚರ: ಬ್ಯಾಂಕಿನ ಉಲ್ಲೇಖ ಬರಿಯ ಅಂಕಿಗಳಾಗಿದ್ದು 15 ಅಂಕಿಗಿಂತ ಉದ್ದವಿದ್ದರೆ, ಸ್ಪ್ರೆಡ್‌ಶೀಟ್ ಅದನ್ನು ಸಂಖ್ಯೆ ಎಂದೆಣಿಸಿ ಕೊನೆಯ ಅಂಕಿಗಳನ್ನು ಸೊನ್ನೆ ಮಾಡುತ್ತದೆ. ಆಗ ಬೇರೆಬೇರೆ ಉಲ್ಲೇಖಗಳು ಒಂದೇ ಆಗಿಬಿಡುತ್ತವೆ. ಕಡತ ತೆರೆಯುವಾಗಲೇ ಆ ಕಾಲಂ ಪಠ್ಯ ಎಂದು ಹೇಳಿ, ಉಲ್ಲೇಖದ ಮುಂದೆ ಒಂದು ಅಕ್ಷರ ಸೇರಿಸಿದರೆ ಈ ತೊಂದರೆ ಇಲ್ಲ.

ಉಲ್ಲೇಖವನ್ನು ಬಿಟ್ಟು ಮೊತ್ತದ ಮೇಲಷ್ಟೇ ಹೊಂದಿಸಿದರೆ ಕೆಲಸ ಬೇಗ ಮುಗಿಯುತ್ತದೆ ನಿಜ. ಅದು ಎಷ್ಟು ಅಪಾಯ ಎನ್ನುವುದಕ್ಕೆ ಈ ಖಾತೆಯಲ್ಲೇ ಉದಾಹರಣೆ ಸಿಕ್ಕಿತು. ನಾಲ್ಕನೇ ತಿಂಗಳಲ್ಲಿ ಒಬ್ಬ ಗ್ರಾಹಕರಿಂದ ಬಂದ 79,600 ಸಸ್ಪೆನ್ಸ್‌ಗೆ ಕ್ರೆಡಿಟ್ ಆಗಿ, ಎರಡು ವಾರದ ನಂತರ ಅವರ ಖಾತೆಗೆ ವರ್ಗವಾಗಿತ್ತು. ಅದೇ ತಿಂಗಳು ಸಂಬಳದ ಜರ್ನಲ್‌ನಿಂದ 79,600 ಡೆಬಿಟ್ ಕೂಡ ಅಲ್ಲಿಗೆ ಬಿದ್ದಿತ್ತು. ಮೊತ್ತವನ್ನಷ್ಟೇ ನೋಡಿದಾಗ ಗ್ರಾಹಕರ ಹಣಕ್ಕೆ ಸಂಬಳದ ಸಾಲು ಜೊತೆಯಾಗಿ, ನಿಜವಾದ ವರ್ಗಾವಣೆ ಒಂಟಿಯಾಗಿ ಉಳಿಯಿತು. ಬಾಕಿ ಒಂದಿಷ್ಟೂ ಬದಲಾಗುವುದಿಲ್ಲ, ಆದರೆ ತೆರೆದಿರುವ ಸಾಲು ಸಂಬಳಕ್ಕೆ ಸೇರಿದ್ದು ಎಂಬ ಸುಳಿವು ಹೋಗಿಬಿಡುತ್ತದೆ. ಅದಕ್ಕೇ ಉಲ್ಲೇಖವಿಲ್ಲದೆ ಮೊತ್ತ ಮಾತ್ರ ಕೂಡಿದ ಜೋಡಿಗಳನ್ನು ಬೇರೆ ಇಟ್ಟು, ಪ್ರತಿಯೊಂದರ ವೋಚರ್ ನೋಡಿದ ಮೇಲೆಯೇ ಒಪ್ಪಿಕೊಂಡೆವು.

ಒಂದಕ್ಕೊಂದು ಹೊಂದಿದ್ದು 338 ಸಾಲು, ಪ್ರತಿ ಬದಿಗೆ 49,20,600. ನಂತರ ಒಂದು ದೊಡ್ಡ ಮೊತ್ತ ಹಲವು ಸಣ್ಣ ಮೊತ್ತಗಳಾಗಿ ಹೊರಬಿದ್ದ ಗುಂಪುಗಳನ್ನು ಕೈಯಿಂದ ಜೋಡಿಸಿದೆವು. ಇವು 52 ಸಾಲು, ಪ್ರತಿ ಬದಿಗೆ 7,40,000. ಉಳಿದದ್ದು 22 ಸಾಲು: ಡೆಬಿಟ್ 4,81,780, ಕ್ರೆಡಿಟ್ 2,94,350. ವ್ಯತ್ಯಾಸ ಮತ್ತೆ ಅದೇ 1,87,430. ಪ್ರತಿ ಹಂತದ ಕೊನೆಗೂ ಈ ವ್ಯತ್ಯಾಸ ಹಾಗೇ ನಿಲ್ಲಬೇಕು. ನಿಲ್ಲದಿದ್ದರೆ ಹೊಂದಿಸುವಾಗಲೇ ಎಲ್ಲೋ ಎಡವಿದ್ದೇವೆ ಎಂದರ್ಥ.

ಐದನೇ ತಿಂಗಳು ಏಕೆ ಯಾರ ಕಣ್ಣಿಗೂ ಬೀಳಲಿಲ್ಲ

ಈ 22 ಸಾಲುಗಳನ್ನು ತಿಂಗಳವಾರು ಜೋಡಿಸಿದಾಗ ಕಥೆ ತೆರೆದುಕೊಂಡಿತು. ಹೊಂದಿಕೊಂಡ 390 ಸಾಲುಗಳೆಲ್ಲ ತಾವು ಬಂದ ತಿಂಗಳಲ್ಲೇ ತೀರಿದ್ದರಿಂದ, ಕೆಳಗಿನ ಬಾಕಿಗಳೇ ಆಯಾ ಮಾಸಾಂತ್ಯದ ವರದಿಯಲ್ಲೂ ಕಂಡಿದ್ದವು.

| ತಿಂಗಳು | ಉಳಿದ ಸಾಲುಗಳಿಂದ ಆದ ಬದಲಾವಣೆ | ಮಾಸಾಂತ್ಯದ ಬಾಕಿ |
|---|---|---|
| 1 | ಆರಂಭಿಕ ವ್ಯತ್ಯಾಸ ಕ್ರೆ. 1,36,200, ವಿಮೆ ಡೆ. 48,000 | ಕ್ರೆ. 88,200 |
| 2 | ಬ್ಯಾಂಕ್ ವ್ಯತ್ಯಾಸ ಕ್ರೆ. 9,000, ಶುಲ್ಕ ಡೆ. 800 | ಕ್ರೆ. 96,400 |
| 3 | ಸಂಬಳ ಡೆ. 34,200, ಶುಲ್ಕ ಡೆ. 1,050 | ಕ್ರೆ. 61,150 |
| 4 | ಸಂಬಳ ಡೆ. 79,600; ಶುಲ್ಕ ಡೆ. 700, ಜಮೆ ಕ್ರೆ. 8,500 | ಡೆ. 10,650 |
| 5 | ಸಂಬಳ ಡೆ. 79,600; ಶುಲ್ಕ ಡೆ. 330, ಜಮೆ ಕ್ರೆ. 92,400 | ಕ್ರೆ. 1,820 |
| 6 | ಸಂಬಳ ಡೆ. 79,600, ಕಡತ ಆಮದು ಡೆ. 77,300, ಶುಲ್ಕ ಡೆ. 500, ಜಮೆ ಕ್ರೆ. 48,250 | ಡೆ. 1,07,330 |
| 7 | ಸಂಬಳ ಡೆ. 79,600; ಶುಲ್ಕ ಡೆ. 500 | ಡೆ. 1,87,430 |

ಐದನೇ ತಿಂಗಳ ಸಾಲು ನೋಡಿ. ಬಾಕಿ ಬರೀ 1,820. ನಮ್ಮ ಮಾಸಾಂತ್ಯದ ಪಟ್ಟಿಯಲ್ಲಿ ಸಸ್ಪೆನ್ಸ್ ಬಾಕಿ 5,000 ಮೀರಿದರೆ ವಿವರಣೆ ಕೊಡಬೇಕು ಎಂದಿದೆ. ಮೀರಲಿಲ್ಲ, ಟಿಕ್ ಬಿತ್ತು. ಅದೇ ಹೊತ್ತಿಗೆ ಆ ಖಾತೆಯೊಳಗೆ 1,93,400 ಸಂಬಳದ ವೆಚ್ಚ ಕೂತಿತ್ತು, ಗ್ರಾಹಕರ ಮುಂಗಡ ಮತ್ತು ಜಮೆಗಳು ಅದಕ್ಕೆ ಎದುರಾಗಿ ನಿಂತು ಮುಚ್ಚಿದ್ದವು. ಇವೆರಡಕ್ಕೂ ಒಂದಕ್ಕೊಂದು ಸಂಬಂಧವೇ ಇಲ್ಲ. ಒಂದು ಲಾಭನಷ್ಟ ಪಟ್ಟಿಗೆ ಸೇರಿದ ವೆಚ್ಚ, ಇನ್ನೊಂದು ಆಸ್ತಿ ಹೊಣೆ ಪಟ್ಟಿಯ ಗ್ರಾಹಕರ ಬಾಕಿ. ಒಂದೇ ಖಾತೆಯಲ್ಲಿ ಎದುರಾಬದುರು ಬಿದ್ದದ್ದರಿಂದ ಒಂದನ್ನೊಂದು ನುಂಗಿದವು ಅಷ್ಟೇ. ಮೊದಲ ನಾಲ್ಕು ತಿಂಗಳು ಬಾಕಿ ಮಿತಿ ಮೀರಿತ್ತು, ಆಗೆಲ್ಲ ಕೊಟ್ಟ ವಿವರಣೆ ‘ಹೊಸ ವ್ಯವಸ್ಥೆಯ ಆರಂಭಿಕ ವ್ಯತ್ಯಾಸ, ಪರಿಶೀಲನೆಯಲ್ಲಿದೆ’ ಎಂಬ ಒಂದೇ ಸಾಲು. ಬಾಕಿ ತಾನಾಗಿ ಕರಗುತ್ತಿರುವಂತೆ ಕಂಡದ್ದರಿಂದ ಆ ವಿವರಣೆಯನ್ನು ಯಾರೂ ಕೆದಕಲಿಲ್ಲ.

ಲಾಭದ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಡೆಬಿಟ್ ಬದಿಯಲ್ಲಿ ಹೆಚ್ಚಿನದು ವೆಚ್ಚ, ಕ್ರೆಡಿಟ್ ಬದಿಯಲ್ಲಿ, ಕಳಿಸಿದವರು ಇನ್ನೂ ಗೊತ್ತಾಗದ 8,500 ಬಿಟ್ಟರೆ, ಎಲ್ಲವೂ ಗ್ರಾಹಕರ ಹಣ. ಕ್ರೆಡಿಟ್‌ಗಳು ತಮ್ಮ ಜಾಗಕ್ಕೆ ಹೋದಾಗ ಲಾಭಕ್ಕೆ ಏನೂ ಸೇರುವುದಿಲ್ಲ. ಡೆಬಿಟ್‌ಗಳು ಹೋದಾಗ ಲಾಭ ಕಡಿಮೆಯಾಗುತ್ತದೆ. ಬಾಕಿಯನ್ನು ಹಾಗೇ ‘ಇತರೆ ವೆಚ್ಚ’ಕ್ಕೆ ಬರೆದು ತೆಗೆದಿದ್ದರೆ ಖಾತೆ ಸೊನ್ನೆಯಾಗುತ್ತಿತ್ತು, ಲಾಭ ಮಾತ್ರ 1,97,500 ಹೆಚ್ಚಾಗಿಯೇ ಉಳಿಯುತ್ತಿತ್ತು, ಗ್ರಾಹಕರ ಮತ್ತು ಮಾರಾಟಗಾರರ ಖಾತೆಗಳು ತಪ್ಪಾಗಿಯೇ ಇರುತ್ತಿದ್ದವು.

ಸಂಬಳ: 3,52,600

ತಿಂಗಳು ತಪ್ಪದೆ, ಒಂದೇ ಮೊತ್ತ, ಒಂದೇ ಮೂಲ. ಇಂಥ ಸಾಲನ್ನು ಕಂಡಾಗ ಮನುಷ್ಯರ ಕೈತಪ್ಪಿಗಿಂತ ಮೊದಲು ಯಂತ್ರದ ಸೆಟ್ಟಿಂಗ್ ಅನ್ನು ಅನುಮಾನಿಸಬೇಕು. ಕೈತಪ್ಪು ಅಷ್ಟು ಶಿಸ್ತಾಗಿ ಪ್ರತಿ ತಿಂಗಳೂ ಬರುವುದಿಲ್ಲ.

ಮೂರನೇ ತಿಂಗಳ ಮಧ್ಯದಲ್ಲಿ ಹೊಸ ವಿಭಾಗವೊಂದು ಶುರುವಾಯಿತು. ಸಂಬಳದ ತಂತ್ರಾಂಶದಲ್ಲಿ ಅದಕ್ಕೆ ಹೊಸ ವೆಚ್ಚ ಕೇಂದ್ರದ ಸಂಕೇತ ಕೊಟ್ಟರು. ಆದರೆ ಸಂಬಳದ ತಂತ್ರಾಂಶ ಮತ್ತು ಲೆಡ್ಜರ್ ನಡುವೆ ಯಾವ ಸಂಕೇತ ಯಾವ ಖಾತೆಗೆ ಎಂದು ಹೇಳುವ ಪಟ್ಟಿಯಲ್ಲಿ ಆ ಸಂಕೇತ ಸೇರಲಿಲ್ಲ. ಗುರುತಿಲ್ಲದ ಸಂಕೇತ ಬಂದರೆ ಸಸ್ಪೆನ್ಸ್‌ಗೆ ಹಾಕು ಎಂಬುದು ಆ ಕೊಂಡಿಯ ಪೂರ್ವನಿಗದಿತ ಸೂಚನೆ. ಹೀಗಾಗಿ ಆ ವಿಭಾಗದವರ ನಿವ್ವಳ ಸಂಬಳ, ಕಡಿತಗಳು ಎಲ್ಲ ಸರಿಯಾಗಿ ಹೊಣೆಯ ಖಾತೆಗಳಿಗೆ ಹೋದವು. ವೆಚ್ಚದ ಡೆಬಿಟ್ ಮಾತ್ರ ದಾರಿತಪ್ಪಿತು. ಜರ್ನಲ್ ಹೊಂದಿದೆ, ಸಂಬಳ ಕೈಸೇರಿದೆ, ಬ್ಯಾಂಕ್ ತಾಳೆಯಾಗಿದೆ. ದೂರು ಹೇಳಲು ಯಾರಿಗೂ ಕಾರಣವೇ ಇರಲಿಲ್ಲ.

ಖಚಿತಪಡಿಸಿಕೊಂಡದ್ದು ಹೀಗೆ. ಸಂಬಳದ ತಂತ್ರಾಂಶದ ಒಟ್ಟು ಸಂಬಳದ ವರದಿಯನ್ನು ವಿಭಾಗವಾರು ತೆಗೆದು, ಲೆಡ್ಜರ್‌ನ ಸಂಬಳ ವೆಚ್ಚದ ಖಾತೆಯ ಪಕ್ಕ ಇಟ್ಟೆವು. ಮೊದಲೆರಡು ತಿಂಗಳು ಎರಡೂ ಸಮ. ಮೂರನೆಯ ತಿಂಗಳು 34,200 ಕಡಿಮೆ, ಆಮೇಲೆ ನಾಲ್ಕು ತಿಂಗಳು 79,600ರಂತೆ ಕಡಿಮೆ. ಈ ಐದೂ ವ್ಯತ್ಯಾಸಗಳು ಹೊಸ ವಿಭಾಗದ ಒಟ್ಟು ಸಂಬಳಕ್ಕೆ ಸರಿಯಾಗಿ ಸಮ. ಬಜೆಟ್ ವರದಿಯಲ್ಲೂ ಆ ವಿಭಾಗದ ಎದುರು ಸಂಬಳ ಸೊನ್ನೆ ಎಂದೇ ಇತ್ತು. ವಿಭಾಗದ ಮುಖ್ಯಸ್ಥರು ಅದನ್ನು ‘ಇನ್ನೂ ಕೇಂದ್ರ ಕಚೇರಿಯ ಲೆಕ್ಕಕ್ಕೇ ಹೋಗುತ್ತಿದೆ’ ಎಂದುಕೊಂಡಿದ್ದರಂತೆ. ವೆಚ್ಚ ಬಜೆಟ್ ಮೀರಿದಾಗ ಜನ ಫೋನ್ ಮಾಡುತ್ತಾರೆ, ಬಾರದೇ ಹೋದಾಗ ಸುಮ್ಮನಿರುತ್ತಾರೆ.

ಇತ್ಯರ್ಥ: ಸಂಬಳ ವೆಚ್ಚ ಡೆಬಿಟ್ 3,52,600, ಸಸ್ಪೆನ್ಸ್ ಕ್ರೆಡಿಟ್ 3,52,600. ಒಂದೇ ಸಾಲಾಗಿ ಹಾಕದೆ ಐದು ತಿಂಗಳಿಗೆ ಐದು ಸಾಲು ಹಾಕಿ, ವಿವರದಲ್ಲಿ ಆಯಾ ತಿಂಗಳ ಸಂಬಳ ಜರ್ನಲ್ ಸಂಖ್ಯೆ ಬರೆದಿದ್ದೇವೆ.

ಆರಂಭಿಕ ವ್ಯತ್ಯಾಸ: 1,36,200

ಹೊಸ ಲೆಕ್ಕ ವ್ಯವಸ್ಥೆಗೆ ಹೋಗುವಾಗ ಆರಂಭಿಕ ಬಾಕಿಗಳ ಜರ್ನಲ್ ಹೊಂದಲಿಲ್ಲ. ವ್ಯವಸ್ಥೆ ತಾನಾಗಿ 1,36,200 ಕ್ರೆಡಿಟ್ ಹಾಕಿ ಸರಿದೂಗಿಸಿತು. ಅಂದರೆ ಅಷ್ಟೇ ಮೊತ್ತದ ಕ್ರೆಡಿಟ್ ಬಾಕಿಗಳು ಬರದೇ ಉಳಿದಿವೆ, ಅಥವಾ ಡೆಬಿಟ್ ಬಾಕಿಗಳು ಹೆಚ್ಚು ಬಂದಿವೆ. ಹಳೆಯ ವ್ಯವಸ್ಥೆಯ ಕೊನೆಯ ತಾಳೆಪಟ್ಟಿಯನ್ನೂ ಹೊಸದರ ಮೊದಲ ತಾಳೆಪಟ್ಟಿಯನ್ನೂ ಖಾತೆವಾರು ಹೋಲಿಸಿದಾಗ ಗ್ರಾಹಕರ ಖಾತೆಯೊಂದನ್ನು ಬಿಟ್ಟು ಉಳಿದೆಲ್ಲ ಸಮ.

ಗ್ರಾಹಕರ ಬಾಕಿಗಳನ್ನು ಹಳೆಯದರಿಂದ ಎತ್ತಲು ಬರೆದ ಆಜ್ಞೆಯಲ್ಲಿ ಈ ಷರತ್ತು ಇತ್ತು:

```
WHERE balance > 0
```

ಇರಬೇಕಾದದ್ದು `balance <> 0`. ಮುಂಗಡ ಕೊಟ್ಟು ಕ್ರೆಡಿಟ್ ಬಾಕಿಯಲ್ಲಿದ್ದ ಏಳು ಗ್ರಾಹಕರು ಈ ಷರತ್ತಿನಿಂದ ಹೊರಗುಳಿದರು. ಹಳೆಯ ವ್ಯವಸ್ಥೆಯ ಪಟ್ಟಿಯಲ್ಲಿ ಅವರ ಮುಂಗಡ ಕೂಡಿಸಿದರೆ 1,36,200, ಬಿಡಿಕಾಸೂ ಹೆಚ್ಚು ಕಡಿಮೆಯಿಲ್ಲ. ಇವರಲ್ಲಿ ಇಬ್ಬರಿಗೆ ಮುಂಗಡದಲ್ಲೇ ತೀರಬೇಕಿದ್ದ ಬಿಲ್‌ಗಳಿಗೆ ವಸೂಲಿ ಜ್ಞಾಪನಾ ಪತ್ರ ಹೋಗಿ, ಅವರು ತಿರುಗಿ ಬರೆದ ಪತ್ರ ಮಾರಾಟ ವಿಭಾಗದ ಕಡತದಲ್ಲಿತ್ತು. ಆ ಪತ್ರ ಲೆಕ್ಕಪತ್ರ ವಿಭಾಗಕ್ಕೆ ಬಂದಿದ್ದರೆ ಮೂಲ ಆಗಲೇ ಸಿಗುತ್ತಿತ್ತು.

ಇತ್ಯರ್ಥ: ಸಸ್ಪೆನ್ಸ್ ಡೆಬಿಟ್ 1,36,200, ಏಳು ಗ್ರಾಹಕರ ಮುಂಗಡ ಖಾತೆಗಳಿಗೆ ಹೆಸರುವಾರು ಕ್ರೆಡಿಟ್. ಒಟ್ಟು ನಿಯಂತ್ರಣ ಖಾತೆಗೆ ಮಾತ್ರ ಹಾಕಿದ್ದರೆ ಸಸ್ಪೆನ್ಸ್ ತೀರುತ್ತಿತ್ತು, ಗ್ರಾಹಕರ ಉಪ ಲೆಡ್ಜರ್ ಮತ್ತು ನಿಯಂತ್ರಣ ಖಾತೆಯ ನಡುವೆ ಹೊಸ ವ್ಯತ್ಯಾಸ ಹುಟ್ಟುತ್ತಿತ್ತು.

ಚಿಹ್ನೆ ಕಳೆದುಕೊಂಡ ಕ್ರೆಡಿಟ್ ನೋಟ್: 77,300

ಆರನೇ ತಿಂಗಳ ಖರೀದಿ ಕಡತದ ಆಮದಿನಲ್ಲಿ ಬಂದ ಒಂಟಿ ಸಾಲು. ಇದರ ಮೇಲೆ ಅರ್ಧದ ಪರೀಕ್ಷೆ ಮಾಡಿದೆವು. ಅರ್ಧ 38,650. ಅದೇ ಕಡತದಲ್ಲಿ ಒಬ್ಬ ಮಾರಾಟಗಾರರ ಕ್ರೆಡಿಟ್ ನೋಟ್ ಸರಿಯಾಗಿ 38,650ರದ್ದೇ ಇತ್ತು.

ಮರಳಿಸಿದ ಸರಕಿನ ಕ್ರೆಡಿಟ್ ನೋಟ್ ಬಂದರೆ ಮಾರಾಟಗಾರರ ಖಾತೆ ಡೆಬಿಟ್, ಖರೀದಿ ವಾಪಸಾತಿ ಕ್ರೆಡಿಟ್ ಆಗಬೇಕು. ಕಡತದಲ್ಲಿ ಮಾರಾಟಗಾರರ ಸಾಲಿನ ಮೊತ್ತ `38650-` ಎಂದಿತ್ತು, ಋಣ ಚಿಹ್ನೆ ಹಿಂದೆ. ಕೆಲವು ತಂತ್ರಾಂಶಗಳು ಹೀಗೆಯೇ ಬರೆಯುತ್ತವೆ. ನಮ್ಮ ಆಮದು ಆ ಚಿಹ್ನೆಯನ್ನು ಬಿಟ್ಟು ಅಂಕಿಯನ್ನಷ್ಟೇ ಓದಿ, ಮಾರಾಟಗಾರರ ಖಾತೆಗೆ ಮಾಮೂಲಿ ಬಿಲ್‌ನಂತೆ ಕ್ರೆಡಿಟ್ ಹಾಕಿತು. ಎರಡೂ ಬದಿ ಕ್ರೆಡಿಟ್ ಆದ್ದರಿಂದ ಹೊಂದಿಸಲು 77,300 ಡೆಬಿಟ್ ಸಸ್ಪೆನ್ಸ್‌ಗೆ ಬಿತ್ತು. ಮಾರಾಟಗಾರರು ಕಳಿಸಿದ ಖಾತೆ ವಿವರದಲ್ಲಿ ಅವರಿಗೆ ನಮ್ಮಿಂದ ಬರಬೇಕಾದದ್ದು ನಮ್ಮ ಪುಸ್ತಕಕ್ಕಿಂತ 77,300 ಕಡಿಮೆ ಇತ್ತು, ಹಾಗಾಗಿ ಅನುಮಾನ ಉಳಿಯಲಿಲ್ಲ. ಪಾವತಿ ಸರದಿಯಲ್ಲಿ ಆ ಹೆಚ್ಚಿನ ಮೊತ್ತ ಆಗಲೇ ಸೇರಿತ್ತು, ಹಣ ಹೋಗುವ ಮೊದಲು ತಡೆದೆವು.

ಇತ್ಯರ್ಥ: ಮಾರಾಟಗಾರರ ಖಾತೆ ಡೆಬಿಟ್ 77,300, ಸಸ್ಪೆನ್ಸ್ ಕ್ರೆಡಿಟ್ 77,300. ಇಲ್ಲಿ 38,650 ಮಾತ್ರ ಹಾಕಿದರೆ ಸಾಲದು. ಮೊದಲ ಅರ್ಧ ತಪ್ಪು ಕ್ರೆಡಿಟ್ ಅಳಿಸುತ್ತದೆ, ಎರಡನೆಯ ಅರ್ಧ ಆಗಬೇಕಿದ್ದ ಡೆಬಿಟ್ ಹಾಕುತ್ತದೆ.

ಬ್ಯಾಂಕಿನಿಂದ ಬಂದವು

ಎರಡನೇ ತಿಂಗಳ 9,000 ಬ್ಯಾಂಕ್ ಹೊಂದಾಣಿಕೆಯಲ್ಲಿ ಉಳಿದ ವ್ಯತ್ಯಾಸ. ಬ್ಯಾಂಕ್ ಖಾತೆ ಸರಿಹೋಗಲೆಂದು ಅದನ್ನು ಸಸ್ಪೆನ್ಸ್‌ಗೆ ತಳ್ಳಲಾಗಿತ್ತು. 9,000 ಒಂಬತ್ತರಿಂದ ಭಾಗಿಸಿದರೆ 1,000. ಅಂದರೆ ಹತ್ತು ಸಾವಿರ ಮತ್ತು ಸಾವಿರದ ಸ್ಥಾನಗಳು ಅದಲುಬದಲಾಗಿವೆ, ಆ ಎರಡು ಅಂಕಿಗಳ ನಡುವೆ ಅಂತರ ಒಂದು. ಆ ತಿಂಗಳ ಜಮೆಗಳಲ್ಲಿ ಹಾಗೆ ಹುಡುಕಿದಾಗ ಬ್ಯಾಂಕ್ ಪಟ್ಟಿಯಲ್ಲಿ 54,300 ಇದ್ದದ್ದು ನಮ್ಮಲ್ಲಿ 45,300 ಎಂದು ದಾಖಲಾದದ್ದು ಸಿಕ್ಕಿತು. ಸಸ್ಪೆನ್ಸ್ ಡೆಬಿಟ್, ಆ ಗ್ರಾಹಕರ ಖಾತೆ ಕ್ರೆಡಿಟ್.

ಗುರುತು ಸಿಗದ ಜಮೆಗಳು ಮೂರು. 92,400ಕ್ಕೆ ಸಮನಾದ ಬಿಲ್ ಇರಲಿಲ್ಲ, ಯಾವ ಬಿಲ್‌ಗಳ ಮೊತ್ತವೂ ಸರಿಯಾಗಿ ಕೂಡಲಿಲ್ಲ. ಹೊರದೇಶದಿಂದ ಬರುವ ಹಣದಲ್ಲಿ ನಡುವಿನ ಬ್ಯಾಂಕ್ ತನ್ನ ಶುಲ್ಕ ಹಿಡಿದುಕೊಂಡು ಕಳಿಸುವುದು ಸಾಮಾನ್ಯ. ಅದನ್ನು ನೆನಪಿಟ್ಟು, ಮೊತ್ತಕ್ಕಿಂತ ಸ್ವಲ್ಪ ಹೆಚ್ಚಿಗೆ ಬರುವ ಬಿಲ್‌ಗಳ ಕೂಡಿಕೆ ಹುಡುಕಿದೆವು. ಒಬ್ಬರೇ ಗ್ರಾಹಕರ ಮೂರು ಬಿಲ್‌ಗಳು, 41,500, 28,750 ಮತ್ತು 22,600, ಕೂಡಿದರೆ 92,850. ಕಡಿಮೆ ಬಿದ್ದ 450 ಶುಲ್ಕ. ಹೀಗೆ ಕೂಡಿಸಿ ನೋಡುವುದರಲ್ಲಿ ಒಂದು ತೊಡಕಿದೆ. ಬಿಲ್‌ಗಳು ಸಾಕಷ್ಟಿದ್ದರೆ ಹೆಚ್ಚುಕಡಿಮೆ ಯಾವ ಮೊತ್ತಕ್ಕೂ ಒಂದು ಕೂಡಿಕೆ ಸಿಕ್ಕೇ ಸಿಗುತ್ತದೆ. ಆದ್ದರಿಂದ ಗ್ರಾಹಕರಿಂದ ಪಾವತಿ ವಿವರ ತರಿಸಿ ನೋಡಿದ ಮೇಲೆಯೇ ಜರ್ನಲ್ ಹಾಕಿದ್ದು.

48,250 ಕಳಿಸಿದವರ ಹೆಸರು ನಮ್ಮ ಗ್ರಾಹಕರ ಪಟ್ಟಿಯಲ್ಲೇ ಇಲ್ಲ. ಗ್ರಾಹಕ ಸಂಸ್ಥೆಯೊಂದರ ಮಾತೃಸಂಸ್ಥೆ ಅದರ ಪರವಾಗಿ ಕಳಿಸಿದ ಹಣ ಅದು. ಅವರಿಂದ ಲಿಖಿತ ಒಪ್ಪಿಗೆ ಪಡೆದು ಗ್ರಾಹಕರ ಖಾತೆಗೆ ಹಾಕಿದೆವು.

ಡೆಬಿಟ್ ಬದಿಯ 48,000 ವರ್ಷದ ವಿಮಾ ಕಂತು, ಬ್ಯಾಂಕ್ ನೇರವಾಗಿ ಕಡಿದುಕೊಂಡದ್ದು. ಬಿಲ್ ಬಂದಿರಲಿಲ್ಲ ಎಂದು ಸಸ್ಪೆನ್ಸ್‌ನಲ್ಲಿತ್ತು. ಪಾಲಿಸಿ ಹಣಕಾಸು ವರ್ಷಕ್ಕೇ ಹೊಂದಿದ್ದರಿಂದ ಏಳು ತಿಂಗಳ 28,000 ವೆಚ್ಚ, ಉಳಿದ 20,000 ಮುಂಪಾವತಿ. ಹತ್ತು ಸಣ್ಣ ಸಾಲುಗಳ 3,880 ಬ್ಯಾಂಕ್ ಶುಲ್ಕ, ನೇರ ವೆಚ್ಚಕ್ಕೆ.

ಹೀಗೆ ಲಾಭದಿಂದ ಹೋಗುವುದು: ಸಂಬಳ 3,52,600, ವಿಮೆ 28,000, ಬ್ಯಾಂಕ್ ಶುಲ್ಕ 3,880 ಮತ್ತು 450. ಒಟ್ಟು 3,84,930.

ಮತ್ತೆ ತುಂಬದಂತೆ ಮಾಡಿದ್ದು

ಸಂಬಳದ ಕೊಂಡಿ ಮತ್ತು ಖರೀದಿ ಆಮದು ಎರಡರಲ್ಲೂ ಗುರುತಿಲ್ಲದ್ದನ್ನು, ಹೊಂದದ್ದನ್ನು ಸಸ್ಪೆನ್ಸ್‌ಗೆ ಹಾಕುವ ಸೂಚನೆ ತೆಗೆಸಿದ್ದೇವೆ. ಈಗ ಅಂಥ ಕಡತ ತಿರಸ್ಕೃತವಾಗಿ ಕಳಿಸಿದವರಿಗೇ ವಾಪಸ್ ಹೋಗುತ್ತದೆ. ಸಂಬಳ ತಡವಾಗುತ್ತದೆ ಎಂದು ಮಾನವ ಸಂಪನ್ಮೂಲ ವಿಭಾಗದವರು ಆಕ್ಷೇಪಿಸಿದರು. ತಡವಾಗುವುದಿಲ್ಲ: ಬ್ಯಾಂಕಿಗೆ ಹೋಗುವ ಪಾವತಿ ಕಡತ ಬೇರೆ, ಲೆಡ್ಜರ್‌ಗೆ ಬರುವ ಜರ್ನಲ್ ಕಡತ ಬೇರೆ, ನಿಲ್ಲುವುದು ಎರಡನೆಯದು ಮಾತ್ರ. ಹಿಂದಿರುವ ಋಣ ಚಿಹ್ನೆಯನ್ನು ಓದುವಂತೆ ಆಮದನ್ನೂ ತಿದ್ದಿಸಿದ್ದೇವೆ.

ಗುರುತು ಸಿಗದ ಜಮೆಗಳಿಗೆ ಹೊಣೆಯ ಬದಿಯಲ್ಲಿ ಪ್ರತ್ಯೇಕ ಖಾತೆ ತೆರೆದಿದ್ದೇವೆ. ಅವು ವೆಚ್ಚಗಳ ಜೊತೆ ಒಂದೇ ಖಾತೆಯಲ್ಲಿ ಇರದಿದ್ದರೆ ಒಂದನ್ನೊಂದು ನುಂಗುವ ಪ್ರಶ್ನೆಯೇ ಬರುವುದಿಲ್ಲ. ಮಾಸಾಂತ್ಯದ ಪಟ್ಟಿಯ 5,000 ಮಿತಿಯನ್ನು ನಿವ್ವಳ ಬಾಕಿಯಿಂದ ತೆಗೆದು, ತೆರೆದ ಡೆಬಿಟ್‌ಗಳ ಒಟ್ಟಿಗೆ ಮತ್ತು ತೆರೆದ ಕ್ರೆಡಿಟ್‌ಗಳ ಒಟ್ಟಿಗೆ ಬೇರೆಬೇರೆಯಾಗಿ ಅನ್ವಯಿಸಿದ್ದೇವೆ. ಈ ನಿಯಮ ಇದ್ದಿದ್ದರೆ ಮೂರನೇ ತಿಂಗಳ ಸಂಬಳದ 34,200 ಅದೇ ತಿಂಗಳು ಸಿಕ್ಕಿಬೀಳುತ್ತಿತ್ತು.

ತಮ್ಮ ನಿರ್ಧಾರಕ್ಕೆ

ಮೊದಲನೆಯದು, ಹಿಂದಿನ ತಿಂಗಳ ವರದಿಗಳು. ತಿದ್ದುಪಡಿಗಳೆಲ್ಲ ಏಳನೇ ತಿಂಗಳಲ್ಲೇ ಬಿದ್ದಿವೆ. ಇದೇ ಹಣಕಾಸು ವರ್ಷದೊಳಗಿನ ವಿಷಯವಾದ್ದರಿಂದ ವರ್ಷದ ಈವರೆಗಿನ ಅಂಕಿ ಸರಿ ಇದೆ. ತಪ್ಪು ಹಿಂದಿನ ವರ್ಷದ್ದಾಗಿ, ಗಣನೀಯವಾಗಿದ್ದಿದ್ದರೆ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ ಐಎಎಸ್ 8ರ ಪ್ರಕಾರ ಹಿಂದಿನ ಅಂಕಿಗಳನ್ನೇ ತಿದ್ದಿ ತೋರಿಸಬೇಕಾಗುತ್ತಿತ್ತು, ಇಲ್ಲಿ ಆ ಪ್ರಮೇಯವಿಲ್ಲ. ಆದರೆ ಏಳನೇ ತಿಂಗಳನ್ನು ಒಂಟಿಯಾಗಿ ನೋಡಿದರೆ ಐದು ತಿಂಗಳ ಸಂಬಳ ಅದರ ಮೇಲೇ ಕೂತಿದೆ. ಮುಚ್ಚಿದ ತಿಂಗಳುಗಳನ್ನು ತೆರೆಯದೆ, ಆಡಳಿತ ವರದಿಯಲ್ಲಿ ಮಾತ್ರ ಆ ವೆಚ್ಚವನ್ನು ತಿಂಗಳವಾರು ಹಂಚಿ ಅಡಿಟಿಪ್ಪಣಿ ಹಾಕುವುದು ನಮ್ಮ ಶಿಫಾರಸು.

ಎರಡನೆಯದು, ನಾಲ್ಕನೇ ತಿಂಗಳು ಬಂದ 8,500. ಕಳಿಸಿದವರು ಯಾರೆಂದು ಬ್ಯಾಂಕ್ ಇನ್ನೂ ತಿಳಿಸಿಲ್ಲ. ಅದನ್ನು ಸಸ್ಪೆನ್ಸ್‌ನಿಂದ ತೆಗೆದು ಗುರುತು ಸಿಗದ ಜಮೆಗಳ ಹೊಣೆ ಖಾತೆಗೆ ಹಾಕಿದ್ದೇವೆ. ಆದಾಯಕ್ಕೆ ತೆಗೆದುಕೊಂಡಿಲ್ಲ, ಯಾಕೆಂದರೆ ಅದು ಯಾರಿಗೋ ಹಿಂತಿರುಗಿಸಬೇಕಾದ ಹಣವಾಗಿರಬಹುದು. ಅಂಥ ಹಣವನ್ನು ಎಷ್ಟು ಕಾಲ ಹೊಣೆಯಾಗಿ ಇಟ್ಟುಕೊಳ್ಳಬೇಕು, ಆಮೇಲೆ ಏನು ಮಾಡಬೇಕು ಎಂಬ ಲಿಖಿತ ನೀತಿ ನಮ್ಮಲ್ಲಿಲ್ಲ. ಕಾನೂನು ಸಲಹೆಗಾರರ ಅಭಿಪ್ರಾಯ ಪಡೆದು ತಾವು ಅದನ್ನು ನಿಗದಿಪಡಿಸಿದರೆ ಈ ಮೊತ್ತಕ್ಕೂ ಮುಂದೆ ಬರುವವಕ್ಕೂ ಅದೇ ಅನ್ವಯಿಸುತ್ತದೆ. 22 ಸಾಲುಗಳ ವೋಚರ್, ಆಧಾರ ಪತ್ರ ಮತ್ತು ಜರ್ನಲ್ ಸಂಖ್ಯೆಗಳನ್ನು ಒಂದೇ ಕಡತದಲ್ಲಿ ಜೋಡಿಸಿ ಲೆಕ್ಕಪರಿಶೋಧಕರಿಗಾಗಿ ಇಟ್ಟಿದ್ದೇವೆ. ಅದರ ಮೊದಲ ಪುಟದಲ್ಲಿ ತಮ್ಮ ಸಹಿಗೆ ಜಾಗ ಬಿಟ್ಟಿದೆ.